ಶೀರ್ಷಿಕೆಯ ‘ಹೃದಯಾಘಾತ’ಕ್ಕೆ ನಮ್ಮ ಆಕ್ಷೇಪ

ಶೀರ್ಷಿಕೆಯಲ್ಲಿ ಉದ್ದ ಪದವನ್ನು ತೆಗೆದು ಅದೇ ಅರ್ಥದ ಚಿಕ್ಕ ಪದವನ್ನಿಡುವುದು ಸುದ್ದಿಮನೆಯ ಹಳೆಯ ಪದ್ಧತಿ. ಅಂಕಣದ ಅಗಲ ಸೀಮಿತ, ಅಚ್ಚಿನ ಗಾತ್ರ ದೊಡ್ಡದು. ಆದ್ದರಿಂದ ಆ ಪದ್ಧತಿಯೊಡನೆ ನಮಗೆ ಜಗಳವಿಲ್ಲ. ನಮ್ಮ ಆಕ್ಷೇಪವಿರುವುದು ‘ಅದೇ ಅರ್ಥ’ ಎಂಬ ಷರತ್ತನ್ನು ಸದ್ದಿಲ್ಲದೆ ಕೈಬಿಡುವ ಅಭ್ಯಾಸಕ್ಕೆ. ಸಾವಿನ ಸುದ್ದಿಯ ಕನ್ನಡ ಶೀರ್ಷಿಕೆಗಳಲ್ಲಿ ಈ ಅಭ್ಯಾಸ ರೂಢಿಯೇ ಆಗಿಬಿಟ್ಟಿದೆ. ವೈದ್ಯ ವೃತ್ತಿಯಲ್ಲಿದ್ದುಕೊಂಡು ಸಂಘದ ವಾರ್ತಾಪತ್ರಕ್ಕೂ ಕೈಜೋಡಿಸಿರುವ ನಾವು ಇದನ್ನು ಕಂಡೂ ಕಾಣದಂತಿರುವುದು ಸರಿಯಲ್ಲವೆಂದು ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲು ಅಳತೆಯ ವಿಚಾರ. ಶೀರ್ಷಿಕೆಯನ್ನು ಕಿರಿದಾಗಿಸುವುದೆಂದರೆ ಪದಗಳ ಸಂಖ್ಯೆಯನ್ನು ಇಳಿಸುವುದು ಎಂಬ ಮಾತು ಇಂಗ್ಲಿಷಿಗೆ ಒಪ್ಪೀತು. ಕನ್ನಡಕ್ಕೆ ಅಷ್ಟಾಗಿ ಒಪ್ಪದು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟುತ್ತದೆ, ಸಮಾಸವಾದರೆ ಎರಡು ಪದ ಒಂದಾಗುತ್ತದೆ. ಪದದ ಎಣಿಕೆಯಲ್ಲಿ ‘ಹೃದಯಾಘಾತಕ್ಕೆ’ ಒಂದು, ‘ಹಠಾತ್ ಸಾವು’ ಎರಡು. ಆದರೆ ಅಂಕಣದಲ್ಲಿ ಜಾಗ ಹಿಡಿಯುವುದು ಅಕ್ಷರ. ಒತ್ತಕ್ಷರವನ್ನು ಅದರ ಮೇಲಿನ ಅಕ್ಷರದೊಡನೆ ಒಂದೆಂದೂ, ಕೊನೆಯ ಅರ್ಧಾಕ್ಷರವನ್ನು ಒಂದೆಂದೂ ಎಣಿಸಿದರೆ ‘ಹೃದಯಾಘಾತಕ್ಕೆ’ ಆರು ಅಕ್ಷರ, ‘ಹಠಾತ್ ಸಾವು’ ಐದೇ ಅಕ್ಷರ. ಮುಂದಿನ ಲೆಕ್ಕವೆಲ್ಲ ಈ ಅಳತೆಯದೇ.

ಅರ್ಥ ಕೆಡದೆ ಜಾಗ ಉಳಿಸುವ ಪದಗಳು ಕನ್ನಡದಲ್ಲಿ ಧಾರಾಳವಾಗಿವೆ. ‘ನ್ಯಾಯಾಲಯ’ಕ್ಕೆ ನಾಲ್ಕು ಅಕ್ಷರ, ‘ಕೋರ್ಟ್’ಗೆ ಎರಡು. ‘ಅನುಮೋದನೆ’ಗೆ ಐದು, ‘ಒಪ್ಪಿಗೆ’ಗೆ ಮೂರು, ‘ಅಸ್ತು’ವಿಗೆ ಎರಡು. ನಮ್ಮ ವೃತ್ತಿಗೆ ಬಂದರೆ ‘ಮೂತ್ರಪಿಂಡ’ಕ್ಕೆ ‘ಕಿಡ್ನಿ’, ‘ರಕ್ತದೊತ್ತಡ’ಕ್ಕೆ ‘ಬಿಪಿ’, ‘ಕ್ಷಯರೋಗ’ಕ್ಕೆ ‘ಟಿಬಿ’ ಚೆನ್ನಾಗಿ ಸಲ್ಲುತ್ತವೆ. ಹೊಲದಲ್ಲಿ ದುಡಿಯುವವರಿಗೂ ಆಸ್ಪತ್ರೆಯಲ್ಲಿ ದುಡಿಯುವವರಿಗೂ ಇವುಗಳ ಅರ್ಥ ಒಂದೇ. ಎಡವುವ ಜಾಗಗಳೂ ಇಲ್ಲದಿಲ್ಲ. ‘ಮಧುಮೇಹ ಹೆಚ್ಚಳ’ ಎಂಬುದನ್ನು ‘ಸಕ್ಕರೆ ಏರಿಕೆ’ ಮಾಡಿದರೆ ಓದುಗರು ಕಿರಾಣಿ ಅಂಗಡಿಯ ದರವನ್ನು ನೆನೆಯುತ್ತಾರೆ. ‘ಔಷಧ ದಾಸ್ತಾನು’ ಎಂಬುದನ್ನು ‘ಮದ್ದು ದಾಸ್ತಾನು’ ಮಾಡಿದರೆ ಕೆಲವರಿಗಾದರೂ ಸಿಡಿಮದ್ದು ನೆನಪಾಗುತ್ತದೆ. ಇವು ನಕ್ಕು ಮರೆಯಬಹುದಾದ ಎಡವಟ್ಟುಗಳು. ‘ಹೃದಯಾಘಾತಕ್ಕೆ ಬಲಿ’ ಎಂಬುದು ಹಾಗಲ್ಲ.

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡು ಆ ಸ್ನಾಯುವಿನ ಒಂದು ಭಾಗ ಸಾಯತೊಡಗುವುದು ಹೃದಯಾಘಾತ. ರೋಗಿಗೆ ಸಾಮಾನ್ಯವಾಗಿ ಪ್ರಜ್ಞೆಯಿರುತ್ತದೆ. ಎದೆ ಹಿಂಡಿದಂತಾಗುತ್ತದೆ, ಬೆವರುತ್ತದೆ, ನೋವು ತೋಳಿಗೋ ದವಡೆಗೋ ಹರಿಯುತ್ತದೆ. ಬೇಗ ಆಸ್ಪತ್ರೆ ಸೇರಿದರೆ ನಾಳವನ್ನು ತೆರೆಯಲು ಅವಕಾಶವಿರುತ್ತದೆ. ಹೃದಯಸ್ತಂಭನ ಬೇರೆಯೇ ಸಂಗತಿ. ಅದರಲ್ಲಿ ಹೃದಯದ ಪರಿಣಾಮಕಾರಿ ಬಡಿತವೇ ನಿಲ್ಲುತ್ತದೆ, ವ್ಯಕ್ತಿ ಕೆಲವೇ ಕ್ಷಣಗಳಲ್ಲಿ ಕುಸಿದು ಪ್ರಜ್ಞೆ ತಪ್ಪುತ್ತಾನೆ, ಉಳಿಸಲು ಇರುವುದು ನಿಮಿಷಗಳು ಮಾತ್ರ. ಹೃದಯಾಘಾತದಿಂದ ಸ್ತಂಭನ ಆಗಬಹುದು. ಹೃದಯದ ಲಯದೋಷದಿಂದ, ವಿದ್ಯುತ್ ಆಘಾತದಿಂದ, ಶ್ವಾಸಕೋಶದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರಿಂದಲೂ ಆಗಬಹುದು. ಇನ್ನು ‘ಹಠಾತ್ ಸಾವು’ ಎಂಬುದು ಕಾರಣವನ್ನೇ ಹೇಳುವುದಿಲ್ಲ. ಅನಿರೀಕ್ಷಿತವಾಗಿ ಸಾವು ಬಂತು ಎಂದಷ್ಟೇ ಹೇಳುತ್ತದೆ. ಶೀರ್ಷಿಕೆ ಬರೆಯುವವರು ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ‘ಹೃದಯಾಘಾತ’ ಎಂಬ ಚೀಟಿ ಅಂಟಿಸುತ್ತಾರೆ.

2025ರ ಮೇ ಕೊನೆಯಿಂದ ಜುಲೈ ಮೊದಲ ವಾರಗಳವರೆಗೆ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಬಂದ ರೀತಿಯನ್ನು ನೆನೆದರೆ ಇದರ ಪರಿಣಾಮ ತಿಳಿಯುತ್ತದೆ. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂದು ವರದಿಯಾಯಿತು. ಜನರು ಗಾಬರಿಯಿಂದ ಮೈಸೂರಿನ ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಸಾಲುಗಟ್ಟಿದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಉಳಿದ 4 ಬೇರೆ ಕಾರಣಗಳಿಂದ ಆದವು ಎಂದು ತಿಳಿಯಿತು.

‘ಹಾಗಾದರೆ ಶೀರ್ಷಿಕೆಗಳು ಬಹುಪಾಲು ಸರಿಯಾಗಿಯೇ ಇದ್ದವಲ್ಲ?’ ಎಂದು ಕೇಳುವವರಿದ್ದಾರೆ. ಇಲ್ಲ. ಹೃದಯಕ್ಕೆ ಸಂಬಂಧಿಸಿದ ಸಾವೆಲ್ಲವೂ ಹೃದಯಾಘಾತವಲ್ಲ. ಅಲ್ಲದೆ ಪರಿಶೀಲನೆ ನಡೆದದ್ದು ಆಮೇಲೆ, ಶೀರ್ಷಿಕೆ ಬಂದದ್ದು ಮೊದಲು. ಕಾರಣ ತಿಳಿಯುವ ಮುನ್ನವೇ ಕಾರಣವನ್ನು ಅಚ್ಚು ಹಾಕಿ, ಮುಂದೆ ಅದು ಹೊಂದಿಕೊಂಡರೆ ಅದನ್ನು ಅದೃಷ್ಟವೆನ್ನಬೇಕೇ ಹೊರತು ವರದಿಯೆನ್ನಲಾಗದು.

ಆ ದಿನಗಳ ಮಾದರಿಯಲ್ಲಿ ನಾವೇ ಕಟ್ಟಿದ ಒಂದು ಶೀರ್ಷಿಕೆಯನ್ನು ಬಿಡಿಸಿ ನೋಡೋಣ: ‘ಹಾಸನದಲ್ಲಿ ಹೃದಯಾಘಾತಕ್ಕೆ ಮತ್ತೊಬ್ಬ ಯುವಕ ಬಲಿ’. ಐದು ಪದ, ಹತ್ತೊಂಬತ್ತು ಅಕ್ಷರ. ಸುದ್ದಿಗಾರರಿಗೆ ಖಚಿತವಾಗಿ ಗೊತ್ತಿದ್ದದ್ದು ಇಷ್ಟು: ಹಾಸನದಲ್ಲಿ ಒಬ್ಬ ಯುವಕ ಇದ್ದಕ್ಕಿದ್ದಂತೆ ಸತ್ತಿದ್ದಾನೆ, ಹೃದಯಾಘಾತವಿರಬಹುದೆಂದು ಮನೆಯವರು ಶಂಕಿಸಿದ್ದಾರೆ. ಶೀರ್ಷಿಕೆಯಲ್ಲಿ ಆ ಶಂಕೆ ನಿಶ್ಚಯವಾಯಿತು. ‘ಮತ್ತೊಬ್ಬ’ ಎಂಬ ಮೂರು ಅಕ್ಷರ ಈ ಸಾವನ್ನು ಹಿಂದಿನ ಸಾವುಗಳ ಸಾಲಿಗೆ ಪೋಣಿಸಿತು. ಆ ಸಾಲು ಇದೆಯೋ ಇಲ್ಲವೋ ಎಂಬುದೇ ಸಮಿತಿ ಉತ್ತರಿಸಬೇಕಿದ್ದ ಪ್ರಶ್ನೆಯಾಗಿತ್ತು. ‘ಬಲಿ’ ಎಂಬುದು ‘ಸಾವು’ ಎಂಬುದಕ್ಕಿಂತ ಒಂದಕ್ಷರವೂ ಚಿಕ್ಕದಲ್ಲ, ಎರಡಕ್ಕೂ ಎರಡೆರಡೇ ಅಕ್ಷರ. ಆದರೆ ಬಲಿ ಎಂದೊಡನೆ ಬಲಿ ತೆಗೆದುಕೊಳ್ಳುವ ಒಂದು ಶಕ್ತಿ ಕಣ್ಣ ಮುಂದೆ ನಿಲ್ಲುತ್ತದೆ. ಅದು ಜಾಗವನ್ನು ಉಳಿಸದು, ಭಯವನ್ನು ಮಾತ್ರ ಸೇರಿಸುತ್ತದೆ.

ಈಗ ಗೊತ್ತಿರುವುದನ್ನಷ್ಟೇ ಬರೆಯೋಣ: ‘ಹಾಸನ: ಯುವಕ ಹಠಾತ್ ಸಾವು’. ಹನ್ನೊಂದು ಅಕ್ಷರ. ಮನೆಯವರ ಶಂಕೆಯನ್ನೂ ಹೇಳಲೇಬೇಕೆಂದರೆ ‘ಹಾಸನ: ಯುವಕ ಸಾವು, ಹೃದಯಾಘಾತ ಶಂಕೆ’. ಹದಿನೈದು ಅಕ್ಷರ, ಮೊದಲಿನದಕ್ಕಿಂತ ನಾಲ್ಕು ಕಡಿಮೆ. ‘ಎಂದು ಶಂಕಿಸಲಾಗಿದೆ’ ಎಂಬ ಎಂಟು ಅಕ್ಷರಗಳ ಕೆಲಸವನ್ನು ‘ಶಂಕೆ’ ಎಂಬ ಎರಡಕ್ಷರ ಒಂದಿಷ್ಟೂ ಅರ್ಥಹಾನಿಯಿಲ್ಲದೆ ಮಾಡುತ್ತಿದೆ. ಚಿಕ್ಕ ಸಮಾನಾರ್ಥಕ ಪದವೆಂದರೆ ಇದು. ಸುಳ್ಳಿನ ಶೀರ್ಷಿಕೆ ಉದ್ದವಾಯಿತು, ನಿಜದ ಶೀರ್ಷಿಕೆ ಗಿಡ್ಡವಾಯಿತು. ಜಾಗದ ಅಭಾವವೆಂಬ ನೆಪ ಇಲ್ಲಿ ನಿಲ್ಲುವುದಿಲ್ಲ.

ಒಮಾನಿನಲ್ಲಿರುವ ನಮಗೆ ಇದು ದೂರದ ಹಾಸನದ ಮಾತಷ್ಟೇ ಅಲ್ಲ. ಇಲ್ಲಿ ದುಡಿಯುವ ಕನ್ನಡಿಗರೊಬ್ಬರು ಕೋಣೆಯಲ್ಲೋ ಕೆಲಸದ ಜಾಗದಲ್ಲೋ ಸತ್ತರೆ ಊರಿನ ಸುದ್ದಿಯಲ್ಲಿ ‘ಹೃದಯಾಘಾತ’ ಎಂದು ಬರುವುದು ವಾಡಿಕೆಯಾಗಿದೆ. ಬೇಸಿಗೆಯ ಒಮಾನಿನಲ್ಲಿ ಬಿಸಿಲೇ ಕೊಲ್ಲಬಲ್ಲದು. ಆ ಕಾರಣಕ್ಕಾಗಿಯೇ ಇಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನ ಕೆಲಸವನ್ನು ನಿಷೇಧಿಸುವ ನಿಯಮವಿದೆ. ದೇಹದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ, ಮಾತು ತೊದಲಿ, ಪ್ರಜ್ಞೆ ತಪ್ಪಿದರೆ ಅದು ಬಿಸಿಲಾಘಾತ. ಅಕ್ಷರಗಳ ಲೆಕ್ಕದಲ್ಲಿ ‘ಬಿಸಿಲಾಘಾತ’, ‘ಹೃದಯಾಘಾತ’ ಎರಡೂ ಐದೇ. ಆದರೆ ಮೊದಲನೆಯದು ಕೆಲಸದ ವೇಳೆ, ನೆರಳು, ಕುಡಿಯುವ ನೀರು ಇವುಗಳ ಬಗ್ಗೆ ಪ್ರಶ್ನೆ ಕೇಳುತ್ತದೆ. ಎರಡನೆಯದು ‘ಅವನ ಹಣೆಬರಹ’ ಎಂದು ಕಡತ ಮುಚ್ಚುತ್ತದೆ. ಕಾರಣ ತಿಳಿಯದಿರುವಾಗ ಎರಡನ್ನೂ ಬರೆಯದೆ ‘ಒಮಾನ್: ಕರಾವಳಿ ಕಾರ್ಮಿಕ ಸಾವು’ ಎಂದರೆ ಸಾಕು. ಊರಿನಲ್ಲಿರುವ ಹೆಂಡತಿಗೂ ಅಣ್ಣತಮ್ಮಂದಿರಿಗೂ ಏನಾಯಿತೆಂದು ಕೇಳುವ ಹಕ್ಕು ಆಗ ಉಳಿಯುತ್ತದೆ.

ವೈದ್ಯರ ಪ್ರಮಾಣಪತ್ರದಲ್ಲೇ ‘ಹೃದಯಸ್ತಂಭನ’ ಎಂದು ಬರೆದಿರುತ್ತಾರಲ್ಲ ಎಂಬ ಮಾತಿಗೂ ಉತ್ತರವಿದೆ. ಸಾಯುವ ಪ್ರತಿಯೊಬ್ಬರ ಹೃದಯವೂ ಕೊನೆಗೆ ನಿಲ್ಲುತ್ತದೆ. ಅದು ಸಾವಿನ ಬಗೆಯೇ ಹೊರತು ಕಾರಣವಲ್ಲ. ಭಾರತದ ಮರಣ ಕಾರಣ ಪ್ರಮಾಣಪತ್ರದ ನಮೂನೆಯೂ ಸಾವಿಗೆ ಎಡೆಮಾಡಿದ ರೋಗ ಅಥವಾ ಗಾಯವನ್ನು ಬರೆಯಬೇಕೆಂದೂ, ಸತ್ತ ಬಗೆಯನ್ನಲ್ಲವೆಂದೂ ಸೂಚಿಸುತ್ತದೆ. ನಮ್ಮ ವೃತ್ತಿಯವರು ಕೆಲವರು ಈ ಸೂಚನೆಯನ್ನು ಪಾಲಿಸದಿರುವುದು ನಿಜ. ಆ ಸೋಮಾರಿತನವನ್ನು ದೊಡ್ಡ ಅಚ್ಚಿನಲ್ಲಿ ಮುದ್ರಿಸುವ ಅಗತ್ಯ ಪತ್ರಿಕೆಗಿಲ್ಲ.

‘ಒಳಗಿನ ವರದಿಯಲ್ಲಿ ಎಲ್ಲವನ್ನೂ ವಿವರಿಸಿದ್ದೇವೆ’ ಎಂಬುದು ಇನ್ನೊಂದು ಸಮರ್ಥನೆ. ಇಂದು ಶೀರ್ಷಿಕೆ ವರದಿಯನ್ನು ಹಿಂದೆ ಬಿಟ್ಟು ಒಂಟಿಯಾಗಿ ಸಂಚರಿಸುತ್ತದೆ. ವಾಟ್ಸ್ಯಾಪ್ ಗುಂಪಿನಲ್ಲಿ ಅದರ ಚಿತ್ರ ಮಾತ್ರ ಹರಿದಾಡುತ್ತದೆ. ಎಲ್ಲ ಕುಸಿತವೂ ಹೃದಯಾಘಾತವೇ ಎಂದು ಶೀರ್ಷಿಕೆಗಳಿಂದ ಕಲಿತವರು, ಎದುರಿಗೆ ಒಬ್ಬರು ಬಿದ್ದಾಗ ಕಾರು ಹುಡುಕುತ್ತಾ ನಿಮಿಷಗಳನ್ನು ಕಳೆಯುತ್ತಾರೆ. ಪ್ರಜ್ಞೆಯಿಲ್ಲ, ಸಹಜ ಉಸಿರಾಟವಿಲ್ಲ ಎಂದರೆ ಅದು ಸ್ತಂಭನ. ಒಬ್ಬರು 9999ಕ್ಕೆ ಕರೆ ಮಾಡಬೇಕು, ಇನ್ನೊಬ್ಬರು ಆ ಕ್ಷಣದಲ್ಲೇ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತತೊಡಗಬೇಕು. ಪ್ರಜ್ಞೆಯಿದ್ದು ಎದೆನೋವಿದ್ದರೆ ಒತ್ತುವಂತಿಲ್ಲ. ಕೂರಿಸಿ, ಕರೆ ಮಾಡಿ, ಆಸ್ಪತ್ರೆಗೆ ಕಳುಹಿಸಬೇಕು. ಬಿಸಿಲಾಘಾತವಾದರೆ ಮೊದಲು ಮೈಗೆ ತಣ್ಣೀರು ಸುರಿಯಬೇಕು. ಮೂರಕ್ಕೂ ಮಾಡಬೇಕಾದ ಕೆಲಸ ಬೇರೆಯಾಗಿರುವಾಗ ಹೆಸರು ಮಾತ್ರ ಒಂದಾಗಬಾರದು.

ವೈದ್ಯರು ಹೃದಯಾಘಾತವೆಂದು ಖಚಿತಪಡಿಸಿದ್ದರೆ ಆ ಪದವನ್ನು ಧೈರ್ಯವಾಗಿ ಬಳಸಬೇಕು. ನಮ್ಮದು ಪದದ ಮೇಲಿನ ದ್ವೇಷವಲ್ಲ. ನಮ್ಮ ವಾರ್ತಾಪತ್ರದ ಶ್ರದ್ಧಾಂಜಲಿಗಳಿಗೂ ಇದೇ ನಿಯಮವಿರಲಿ. ‘ನಿಧನರಾಗಿದ್ದಾರೆ’ ಎಂಬ ಏಳಕ್ಷರದ ಬದಲು ‘ನಿಧನ’ ಅಥವಾ ‘ಇನ್ನಿಲ್ಲ’ ಎಂದರೆ ಮೂರರಲ್ಲೇ ಮುಗಿಯುತ್ತದೆ, ಗೌರವವೂ ಉಳಿಯುತ್ತದೆ. ಸಾವಿನ ಕಾರಣವನ್ನು ಮನೆಯವರು ತಿಳಿಸಬಯಸಿದರೆ ಮಾತ್ರ ಬರೆಯೋಣ. ಪದವೊಂದನ್ನು ಬದಲಿಸಿದ ಮೇಲೆ ವರದಿಯನ್ನು ಓದದವರಿಗೆ ಶೀರ್ಷಿಕೆಯನ್ನು ತೋರಿಸಿ ಎರಡು ಪ್ರಶ್ನೆ ಕೇಳೋಣ: ಏನಾಗಿದೆ, ಅದು ಎಷ್ಟು ಖಚಿತ? ಅವರ ಉತ್ತರದಲ್ಲಿ ವರದಿಯಲ್ಲಿಲ್ಲದ ಸಂಗತಿ ಬಂದರೆ ನಾವು ಇಟ್ಟದ್ದು ಚಿಕ್ಕ ಪದವೇ ಹೊರತು ಸಮಾನಾರ್ಥಕವಲ್ಲ. ಆಗ ಹಳೆಯ ಪದವನ್ನೇ ಮರಳಿ ಇಟ್ಟು, ‘ಮತ್ತೊಬ್ಬ’ನಂಥ ಇನ್ನೊಂದನ್ನು ಕತ್ತರಿಸೋಣ.