ಚಿತ್ರ ಮಸುಕಾದರೆ ಪ್ರಿಂಟರ್ ಅನ್ನು ಬೈಯಬೇಡಿ

ಪ್ರಾಜೆಕ್ಟ್ ವರದಿಯ ಪ್ರಿಂಟ್ ಕೈಗೆ ಬಂದಾಗ ಸರ್ಕ್ಯೂಟ್ ಚಿತ್ರದ ಅಕ್ಷರಗಳು ಮಸುಕಾಗಿದ್ದರೆ ನಮ್ಮಲ್ಲಿ ಬಹುತೇಕರು ಮೊದಲು ಜೆರಾಕ್ಸ್ ಅಂಗಡಿಯವರ ಮೇಲೆ ಹರಿಹಾಯುತ್ತಾರೆ. ಎಷ್ಟೋ ಸಲ ಅಂಗಡಿಯವರ ತಪ್ಪೇನೂ ಇರುವುದಿಲ್ಲ. ನಾವು ಸೇವ್ ಬಟನ್ ಒತ್ತಿದ ಹೊತ್ತಿಗೇ ಚಿತ್ರ ಹಾಳಾಗಿರುತ್ತದೆ. ಫೈಲ್ ಹಗುರವಾಗಲಿ ಎಂದು ವರ್ಡ್ ಮತ್ತು ಪವರ್‌ಪಾಯಿಂಟ್ ಚಿತ್ರಗಳನ್ನು ತಾವಾಗಿಯೇ ಕುಗ್ಗಿಸುತ್ತವೆ. ನಮ್ಮನ್ನು ಒಂದು ಮಾತೂ ಕೇಳುವುದಿಲ್ಲ. ಇದೇ ನನ್ನ ತಕರಾರು.

ಕುಗ್ಗಿಸುವ ಲೆಕ್ಕ ಸರಳ. ಪುಟದ ಮೇಲೆ ಚಿತ್ರ ಎಷ್ಟು ಇಂಚು ಅಗಲ ಕಾಣುತ್ತಿದೆ ಎಂದು ತಂತ್ರಾಂಶ ನೋಡುತ್ತದೆ. ಇಂಚಿಗೆ ಇಂತಿಷ್ಟು ಪಿಕ್ಸೆಲ್ ಸಾಕು ಎಂದುಕೊಂಡು ಮಿಕ್ಕಿದ್ದನ್ನು ಎಸೆಯುತ್ತದೆ. ಸಾಮಾನ್ಯವಾಗಿ ಈ ಮಿತಿ 220 ಇರುತ್ತದೆ.

ಒಂದು ಉದಾಹರಣೆ ನೋಡೋಣ. ನಿಮ್ಮ ಸರ್ಕ್ಯೂಟ್ ಚಿತ್ರ 2400 ಪಿಕ್ಸೆಲ್ ಅಗಲವಿದೆ. ಮೊದಲ ಕರಡಿನಲ್ಲಿ ಜಾಗ ಉಳಿಸಲು ಅದನ್ನು 2 ಇಂಚಿಗೆ ಚಿಕ್ಕದು ಮಾಡಿ, ಸೇವ್ ಮಾಡಿ ಮುಚ್ಚುತ್ತೀರಿ. ಎರಡು ಇಂಚಿಗೆ ಇಂಚಿಗೆ 220ರಂತೆ ಲೆಕ್ಕ ಹಾಕಿದರೆ ಫೈಲಿನೊಳಗೆ ಉಳಿಯುವುದು 440 ಪಿಕ್ಸೆಲ್ ಮಾತ್ರ. ಮುಂದಿನ ವಾರ ಗೈಡ್ ‘ಚಿತ್ರ ದೊಡ್ಡದು ಮಾಡಿ, ಏನೂ ಕಾಣ್ತಿಲ್ಲ’ ಎನ್ನುತ್ತಾರೆ. ನೀವು ಮೂಲೆ ಹಿಡಿದು 6 ಇಂಚಿಗೆ ಎಳೆಯುತ್ತೀರಿ. ಈಗ ಇಂಚಿಗೆ ಸಿಗುವುದು ಸುಮಾರು 73 ಪಿಕ್ಸೆಲ್. ರೆಸಿಸ್ಟರ್ ಪಕ್ಕದ ಅಂಕಿ 1 ಹೌದೋ 7 ಹೌದೋ ಪರೀಕ್ಷಕರಿಗೆ ಗೊತ್ತಾಗುವುದಿಲ್ಲ. ಕುಗ್ಗಿಸದೇ ಬಿಟ್ಟಿದ್ದರೆ ಅದೇ 6 ಇಂಚಿನಲ್ಲಿ ಇಂಚಿಗೆ 400 ಪಿಕ್ಸೆಲ್ ಇರುತ್ತಿತ್ತು.

ವಿಂಡೋಸ್‌ನಲ್ಲಿ ಇದನ್ನು ತಡೆಯುವ ದಾರಿ ಹೀಗಿದೆ. File, ಆಮೇಲೆ Options, ಅಲ್ಲಿ Advanced ಒತ್ತಿ. ಕೆಳಗೆ Image Size and Quality ಎಂಬ ಭಾಗ ಬರುತ್ತದೆ. ಅದರಲ್ಲಿ Do not compress images in file ಎಂಬುದಕ್ಕೆ ಟಿಕ್ ಹಾಕಿ. ಆ ಶೀರ್ಷಿಕೆಯ ಪಕ್ಕದಲ್ಲೇ ಫೈಲಿನ ಹೆಸರು ಕಾಣುತ್ತದೆ, ಅದನ್ನು ಗಮನಿಸಿ. ಈ ಆಯ್ಕೆ ಅನ್ವಯಿಸುವುದು ಆ ಒಂದು ಫೈಲಿಗೆ ಮಾತ್ರ. ಹೊಸ ಫೈಲ್ ತೆರೆದಾಗ ಮತ್ತೆ ನೋಡಿಕೊಳ್ಳಬೇಕು.

ಇಲ್ಲಿ ಕ್ರಮ ಮುಖ್ಯ. ಮೊದಲು ಟಿಕ್, ಆಮೇಲೆ ಚಿತ್ರ. ಒಮ್ಮೆ ಕುಗ್ಗಿದ ಚಿತ್ರ ಆಮೇಲೆ ಟಿಕ್ ಹಾಕಿದರೆ ಮರಳಿ ಬರುವುದಿಲ್ಲ. ಅದನ್ನು ಅಳಿಸಿ, ಮೂಲ ಚಿತ್ರವನ್ನು ಹೊಸದಾಗಿ ಸೇರಿಸುವುದೊಂದೇ ಉಪಾಯ. ಹಾಗಾಗಿ ಮೂಲ ಚಿತ್ರಗಳನ್ನೆಲ್ಲ ಬೇರೆ ಫೋಲ್ಡರಿನಲ್ಲಿ ಇಟ್ಟುಕೊಂಡಿರಬೇಕು.

ಚಿತ್ರ ಕುಗ್ಗಿದೆಯೋ ಇಲ್ಲವೋ ಎಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ಫೈಲಿನ ಒಂದು ನಕಲು ಮಾಡಿ, ಹೆಸರಿನ ಕೊನೆಯ .docx ಅನ್ನು .zip ಎಂದು ಬದಲಾಯಿಸಿ ತೆರೆಯಿರಿ. ಒಳಗೆ word/media ಎಂಬ ಫೋಲ್ಡರಿನಲ್ಲಿ ನಿಮ್ಮ ಚಿತ್ರಗಳೆಲ್ಲ ಇರುತ್ತವೆ. ಪವರ್‌ಪಾಯಿಂಟ್ ಫೈಲಾದರೆ ppt/media ನೋಡಿ. ಚಿತ್ರವನ್ನು ಹೊರಗೆ ಕಾಪಿ ಮಾಡಿ ಅದರ Properties ತೆರೆದರೆ ಅಗಲ ಎಷ್ಟು ಪಿಕ್ಸೆಲ್ ಎಂದು ತಿಳಿಯುತ್ತದೆ. 2400 ಹಾಕಿದ್ದು 440 ಆಗಿದ್ದರೆ ಉತ್ತರ ಸಿಕ್ಕಿತು.

ಎಲ್ಲ ಕಡೆಗೂ ಇಷ್ಟು ಪಿಕ್ಸೆಲ್ ಬೇಕಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಈಗಿನ ಅಗಲ ಸ್ಲೈಡ್ 13.33 ಇಂಚು ಇರುತ್ತದೆ. ಇಡೀ ಸ್ಲೈಡ್ ತುಂಬುವ ಫೋಟೊ ಇಂಚಿಗೆ 150ಕ್ಕೆ ಕುಗ್ಗಿದರೂ 2000 ಪಿಕ್ಸೆಲ್ ಉಳಿಯುತ್ತದೆ. 1920 ಪಿಕ್ಸೆಲ್ ಅಗಲದ ಪ್ರೊಜೆಕ್ಟರಿಗೆ ಅದು ಧಾರಾಳ. ಪೆಟ್ಟು ಬೀಳುವುದು ಅಕ್ಷರಗಳಿರುವ ಚಿತ್ರಗಳಿಗೆ: ಸ್ಕ್ರೀನ್‌ಶಾಟ್, ಗ್ರಾಫ್, ನಕ್ಷೆ, ಸರ್ಕ್ಯೂಟ್. ಎಕ್ಸೆಲ್ ಗ್ರಾಫನ್ನು ಚಿತ್ರವಾಗಿ ಅಲ್ಲ, ಚಾರ್ಟ್ ಆಗಿಯೇ ಅಂಟಿಸಿದರೆ ಈ ತೊಂದರೆಯೇ ಇಲ್ಲ. ಅದರಲ್ಲಿ ಕುಗ್ಗಿಸಲು ಪಿಕ್ಸೆಲ್‌ಗಳೇ ಇರುವುದಿಲ್ಲ.

ಫೈಲ್ ಭಾರವಾದರೆ ಕಾಲೇಜಿನ ಪೋರ್ಟಲ್ ತೆಗೆದುಕೊಳ್ಳುವುದಿಲ್ಲ, ಇಮೇಲ್ ಹೋಗುವುದಿಲ್ಲ ಎಂಬ ಮಾತು ನಿಜ. ಆದರೆ ಕುಗ್ಗಿಸುವ ಕೆಲಸ ಕೊನೆಯದಾಗಬೇಕು, ಅದೂ ನಕಲಿನ ಮೇಲೆ ಆಗಬೇಕು. ಮೂಲ ಫೈಲನ್ನು ಹಾಗೆಯೇ ಇಟ್ಟು, ಕಳಿಸುವ ಪ್ರತಿಯಲ್ಲಿ ಮಾತ್ರ Compress Pictures ಬಳಸಬಹುದು. ಪಿಡಿಎಫ್ ಮಾಡುವಾಗಲೂ Minimum size ಬದಲು Standard ಆರಿಸಿಕೊಂಡು, ಹೊರಬಂದ ಪಿಡಿಎಫ್ ಅನ್ನು ದೊಡ್ಡದು ಮಾಡಿ ಅತಿ ಚಿಕ್ಕ ಅಕ್ಷರ ಓದಿ ನೋಡಬೇಕು.

ಅಕ್ಷರದ ಅಳತೆ, ಸಾಲಿನ ಅಂತರ, ಮಾರ್ಜಿನ್ ಎಷ್ಟಿರಬೇಕೆಂದು ವಿಭಾಗಗಳು ನಮಗೆ ಪುಟಗಟ್ಟಲೆ ನಿಯಮ ಕೊಡುತ್ತವೆ. ಅದರ ಬದಲು ಮಾದರಿ ಫೈಲನ್ನೇ ಈ ಟಿಕ್ ಹಾಕಿ ಕೊಟ್ಟರೆ ಹೇಗೆ? ಒಂದು ಸೆಮಿಸ್ಟರ್ ಕುಳಿತು ಮಾಡಿದ ಪ್ರಯೋಗದ ಫಲಿತಾಂಶ ಆ ಗ್ರಾಫಿನಲ್ಲೇ ಇರುತ್ತದೆ. ಅದನ್ನು ಓದಲಾಗದಿದ್ದರೆ ಮಾರ್ಜಿನ್ ಎಷ್ಟು ಸರಿಯಿದ್ದರೇನು?