ಎಚ್ಚರಿಕೆಯ ಪತ್ರ

ಬಾಲಾನಗರದಲ್ಲಿ ಚಿಕ್ಕ ಲೇತ್ ಕಾರ್ಖಾನೆ ನಡೆಸುವ ಮಿತ್ರರೊಬ್ಬರು ಜುಲೈ ಮೊದಲ ವಾರ ನಮ್ಮ ಮನೆಗೆ ಬಂದರು. ಅವರಲ್ಲಿ ಕೆಲಸಕ್ಕಿರುವ ರಾಯಚೂರು ಕಡೆಯ ಹುಡುಗ ಜೂನ್‌ನಲ್ಲಿ ಮೂರು ಸಲ ಬುಷ್‌ಗಳನ್ನು ಕೆಡಿಸಿದ್ದನಂತೆ. ಮೊಬೈಲಿನಲ್ಲಿ ತಾವು ಬರೆದದ್ದನ್ನು ತೋರಿಸಿದರು: “ಮತ್ತೆ ಹಾಳು ಮಾಡಿದೆಯಲ್ಲೋ!” “ಕಣ್ಣು ಎಲ್ಲಿಟ್ಟಿದ್ದೆ?” “ಇನ್ನೊಂದು ಸಲ ಆಗಲಿ, ನೋಡ್ತೀನಿ.”

“ಇದನ್ನೇ ಕ್ರಮವಾದ ಎಚ್ಚರಿಕೆಯ ಪತ್ರ ಮಾಡಿಕೊಡಿ, ಸ್ವಾಮಿ” ಎಂದರು.

ನಾವು ಬರೆಯಲು ಕುಳಿತೆವು. ಮೊದಲ ಸಾಲಿಗೇ ಲೇಖನಿ ನಿಂತಿತು. ಯಾವ ದಿನ, ಎಷ್ಟು ಬುಷ್, ಏನು ಕೆಟ್ಟಿತು ಎಂಬುದು ಆ ಸಂದೇಶಗಳಲ್ಲಿ ಇರಲೇ ಇಲ್ಲ. ಸಿಟ್ಟು ಮಾತ್ರ ಇತ್ತು. 1946ರ ಸ್ಥಾಯಿ ಆಜ್ಞೆಗಳ ಕಾಯಿದೆಯ ಮಾದರಿ ನಿಯಮಗಳು ಕೂಡ ಪದೇ ಪದೇ ಆಗುವ ಅಲಕ್ಷ್ಯವನ್ನೇ ದುರ್ನಡತೆ ಎಂದು ಎಣಿಸಿದ್ದವು. ಆ ‘ಪದೇ ಪದೇ’ ಎಂಬುದಕ್ಕೆ ತಾರೀಖು ಬೇಡವೇ?

ಮಿತ್ರರು ಮರುದಿನ ಪುಸ್ತಕ ತೆಗೆದು, ಹುಡುಗನನ್ನೂ ಕೂರಿಸಿಕೊಂಡು ಕೇಳಿದರು. ತೂತು 25.00ರಿಂದ 25.02 ಮಿಲಿಮೀಟರಿನೊಳಗೆ ಇರಬೇಕಿತ್ತು. ಜೂನ್ 3 ಮತ್ತು 24ರಂದು ತೂತು ದೊಡ್ಡದಾಗಿತ್ತು. ಆ ಎರಡು ದಿನವೂ ತಪಾಸಣೆಯ ಹಾಳೆ ಖಾಲಿ. ಆದರೆ 11ರಂದು ತೂತು ಚಿಕ್ಕದಾಗಿತ್ತು, ಹಾಳೆ ಮಾತ್ರ ತುಂಬಿತ್ತು. “ಗೇಜ್ ಒಳಗೆ ಹೋಯ್ತಲ್ರೀ” ಎಂದ ಹುಡುಗ. ನೋಡಿದರೆ ಪ್ಲಗ್ ಗೇಜಿನ ‘ಗೋ’ ಬದಿಯೇ ಸವೆದಿತ್ತು. ಸವೆದ ಗೇಜು ಚಿಕ್ಕ ತೂತಿಗೂ ಇಳಿಯುತ್ತದೆ. ಗೇಜನ್ನು ಸರಿಯಾಗಿಡುವ ಹೊಣೆ ಮಾಲೀಕರದು. ಆ ದಿನವನ್ನು ಪತ್ರದಿಂದ ಬಿಟ್ಟೆವು.

ಕೊನೆಗೆ ಪತ್ರ ಹೀಗಾಯಿತು:

“ಜೂನ್ 3ರಂದು 120ರಲ್ಲಿ 18, ಜೂನ್ 24ರಂದು 150ರಲ್ಲಿ 22 ಬುಷ್‌ಗಳ ತೂತು ಅಳತೆ ಮೀರಿತ್ತು. ಮೊದಲನೆಯ ಬುಷ್ಷನ್ನೂ ಆಮೇಲೆ ಪ್ರತಿ ಹತ್ತನೆಯದನ್ನೂ ಅಳೆದು ಹಾಳೆಯಲ್ಲಿ ಬರೆಯಬೇಕೆಂದು ನಿಮಗೆ ತಿಳಿಸಲಾಗಿತ್ತು. ಎರಡೂ ದಿನ ಬರೆದಿಲ್ಲ. ಅವಸರದಲ್ಲಿ ಅಳೆಯಲಿಲ್ಲವೆಂದು ನೀವು ಹೇಳಿದ್ದೀರಿ. ಹೊಸ ಗೇಜು ಕೊಡಲಾಗಿದೆ. ಎರಡು ದಿನ ಹಿರಿಯ ಟರ್ನರ್ ಜೊತೆಯಲ್ಲಿ ನಿಂತು ತೋರಿಸುತ್ತಾರೆ. ಆರು ವಾರ ಹಾಳೆಯನ್ನು ಪ್ರತಿದಿನ ನೋಡಲಾಗುವುದು. ಹೀಗೆಯೇ ಮುಂದುವರಿದರೆ, ನಿಮ್ಮ ಮಾತು ಕೇಳಿದ ಮೇಲೆ ಮುಂದಿನ ಕ್ರಮ ಕೈಗೊಳ್ಳಬೇಕಾದೀತು. ಈ ಪತ್ರಕ್ಕೆ ಉತ್ತರ ಬರೆಯಲು ಏಳು ದಿನ ಅವಕಾಶವಿದೆ.”

ಕೆಳಗೆ “ಪತ್ರ ತಲುಪಿದೆ” ಎಂದಷ್ಟೇ ಬರೆದು ಸಹಿಗೆ ಜಾಗ ಬಿಟ್ಟೆವು. ‘ತಪ್ಪು ಒಪ್ಪಿದ್ದೇನೆ’ ಎಂದು ಬರೆಸಿಕೊಳ್ಳುವುದು ಬೇರೆಯೇ ಮಾತು.

ಮಿತ್ರರು ಓದಿ, “ಇದರಲ್ಲಿ ಬೈಗುಳವೇ ಇಲ್ಲವಲ್ಲ! ನಾನು ಅವನನ್ನು ‘ನೀವು’ ಅಂದದ್ದೇ ಇಲ್ಲ” ಎಂದು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಸೇರಿಸಿದರು: “ಹನ್ನೊಂದನೇ ತಾರೀಖಿಗೂ ಅವನನ್ನೇ ಬೈದಿದ್ದೆ. ಅದಕ್ಕೊಂದು ಸಾಲು ಬರೆಯಬೇಕು.”

ಅದನ್ನು ಅವರೇ ತಮ್ಮ ಕೈಯಿಂದ ಬರೆದರು.