ಎಣಿಕೆಗೆ ಸಿಗದ ಪುಸ್ತಕಗಳು

ಕನ್ನಡದಲ್ಲಿ ಯಾವ ಪದ ಎಷ್ಟು ಸಲ ಬಳಕೆಯಾಗುತ್ತದೆ ಎಂದು ನೂರಾರು ಪಿಡಿಎಫ್ ಪುಸ್ತಕಗಳಿಂದ ಎಣಿಸುವ ಪ್ರಾಜೆಕ್ಟ್‌ಗಳನ್ನು ನಮ್ಮಂಥ ಬಿ.ಇ. ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳುತ್ತಿದ್ದೇವೆ. ಕೊನೆಗೆ ಒಂದು ಪಟ್ಟಿ, ಒಂದು ಗ್ರಾಫ್. ಆದರೆ ಪುಸ್ತಕವಾರು ಲೆಕ್ಕ ಕೊಡದ ಪಟ್ಟಿಯನ್ನು ನಂಬಬಾರದು ಎಂಬುದು ನನ್ನ ವಾದ.

ನಮ್ಮ ಹಾವೇರಿ ಜಿಲ್ಲೆಯ ನಾಲ್ಕು ಊರುಗಳನ್ನೇ ತೆಗೆದುಕೊಳ್ಳಿ. ಪೈಥಾನ್‌ನಲ್ಲಿ ಪದಗಳನ್ನು ಬಿಡಿಸಲು ಎಲ್ಲರೂ ಬರೆಯುವ ಸಾಲು ಇದು:

```
re.findall(r"\w+", "ಹಾನಗಲ್ ಶಿಗ್ಗಾವಿ ಸವಣೂರು ಹಿರೇಕೆರೂರು")
```

ನಾಲ್ಕು ಪದ ಬರಬೇಕಿತ್ತು. ಬರುವುದು ಹದಿಮೂರು ಚೂರು: ಹ, ನಗಲ, ಶ, ಗ, ಗ, ವ, ಸವಣ, ರ, ಹ, ರ, ಕ, ರ, ರ. ಕಾರಣ ಸರಳ. ಇಲ್ಲಿನ `\w` ನಮ್ಮ ಕಾಗುಣಿತದ ಚಿಹ್ನೆಗಳನ್ನೂ ಅರ್ಧಾಕ್ಷರದ ಚಿಹ್ನೆಯನ್ನೂ ಅಕ್ಷರವೆಂದು ಒಪ್ಪುವುದಿಲ್ಲ. ಅವು ಬಂದಲ್ಲೆಲ್ಲ ಪದವನ್ನು ಕತ್ತರಿಸುತ್ತದೆ. ಅದರ ಪ್ರಕಾರ ಇಲ್ಲಿ ಅತಿ ಹೆಚ್ಚು ಬಳಕೆಯಾದ ಪದ ‘ರ’!

ಪಟ್ಟಿಯ ತಲೆಯಲ್ಲೇ ಬಿಡಿ ಅಕ್ಷರಗಳು ನಿಂತಿರುವುದರಿಂದ ಈ ದೋಷ ಬೇಗ ಕಣ್ಣಿಗೆ ಬೀಳುತ್ತದೆ. ಪರಿಹಾರವೂ ಸುಲಭ. ಕನ್ನಡದ ಯೂನಿಕೋಡ್ ವ್ಯಾಪ್ತಿಯನ್ನೇ ಹೇಳಿ, `[\u0C80-\u0CFF]+` ಎಂದು ಬರೆದರೆ ನಾಲ್ಕೂ ಊರು ಇಡಿಯಾಗಿ ಬರುತ್ತವೆ.

ನಿಜವಾದ ಅಪಾಯ ಶುರುವಾಗುವುದು ಇಲ್ಲಿಂದ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಅಚ್ಚಾದ ಪುಸ್ತಕಗಳು ಬಹಳ. ಅವುಗಳ ಪಿಡಿಎಫ್ ತೆರೆದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ಆದರೆ ಒಳಗಿರುವುದು ರೋಮನ್ ಚಿಹ್ನೆಗಳು. ‘ಕನ್ನಡ’ ಎಂಬ ಪದ ಹೊರಬರುವಾಗ `PÀ£ÀßqÀ` ಎಂದಿರುತ್ತದೆ. ನಮ್ಮ ಹೊಸ ಸಾಲು ಇದರಲ್ಲಿ ಒಂದೂ ಕನ್ನಡ ಅಕ್ಷರ ಕಾಣದೆ ಇಡೀ ಪುಸ್ತಕವನ್ನು ಬಿಟ್ಟು ಮುಂದೆ ಹೋಗುತ್ತದೆ. ಎರರ್ ಬರುವುದಿಲ್ಲ, ಪಟ್ಟಿ ಚೊಕ್ಕಟವಾಗಿಯೇ ಇರುತ್ತದೆ. ಆ ಪುಸ್ತಕದಲ್ಲಿ ಮಾತ್ರ ಇದ್ದ ಪದಗಳು ಕನ್ನಡದಲ್ಲೇ ಇಲ್ಲವೆಂದಾಗುತ್ತದೆ.

ಯೂನಿಕೋಡ್‌ಗೆ ಪರಿವರ್ತಿಸಿದರೂ ಒಂದು ತೊಡಕಿದೆ. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಸ್ಥಾನ ಬದಲಿಸದೆ ಚಿಹ್ನೆಗೆ ಚಿಹ್ನೆ ಹಾಕಿದರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ. ಈ ಒಂದು ಪದವನ್ನು ಹುಡುಕಿ ನೋಡಿದರೆ ಪರಿವರ್ತಕದ ಗುಣ ಗೊತ್ತಾಗುತ್ತದೆ.

ಹಾಗಾಗಿ ಒಟ್ಟು ಮೊತ್ತಕ್ಕೆ ಮೊದಲು ಪ್ರತಿ ಪುಸ್ತಕದ ಪುಟಗಳನ್ನೂ ಸಿಕ್ಕ ಪದಗಳನ್ನೂ ಅಕ್ಕಪಕ್ಕ ಬರೆಯಬೇಕು. ಇನ್ನೂರು ಪುಟದ ಕಾದಂಬರಿಯಲ್ಲಿ ಸಾವಿರಾರು ಪದ ಇರಲೇಬೇಕು. ಸೊನ್ನೆ ಬಂದರೆ ಅದು ಹಳೆಯ ಫಾಂಟ್‌ನದು, ಇಲ್ಲವೇ ಬರೀ ಸ್ಕ್ಯಾನ್ ಮಾಡಿದ ಚಿತ್ರ. ಮೊದಲನೆಯದಕ್ಕೆ ಪರಿವರ್ತಕ ಬೇಕು, ಎರಡನೆಯದಕ್ಕೆ ಓಸಿಆರ್. ಎರಡೂ ಆಗದಿದ್ದರೆ ಬಿಟ್ಟ ಪುಸ್ತಕಗಳ ಹೆಸರನ್ನಾದರೂ ವರದಿಯಲ್ಲಿ ಕೊಡೋಣ. ನಾಳೆ ಈ ಪಟ್ಟಿಯಿಂದ ಕಾಗುಣಿತ ಪರೀಕ್ಷಕ ಮಾಡುವವರಿಗೆ, ಒಂದು ಪದ ಭಾಷೆಯಲ್ಲೇ ಇಲ್ಲವೋ ಅಥವಾ ನಮ್ಮ ಎಣಿಕೆಗೆ ಸಿಗಲಿಲ್ಲವೋ ಎಂಬುದು ತಿಳಿಯಬೇಕು.